ಎರಡು ಪದದ ಉತ್ತರ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಹೋದ ತಿಂಗಳ ಸಭೆಯಲ್ಲಿ ಒಂದು ಸಲಹೆ ಬಂದಿತ್ತು. ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ವರ್ಷವಿಡೀ ಎಷ್ಟೊಂದು ಅಡುಗೆ, ಮನೆಮದ್ದು, ಊರಿನ ನೆನಪುಗಳು ಬಂದಿವೆಯಲ್ಲ, ಅದನ್ನೆಲ್ಲ ಹಾಗೇ ಇಳಿಸಿಕೊಂಡು ಈ ಸಲದ ಇ-ಸಂಚಿಕೆಗೆ ಹಾಕಿಬಿಡೋಣ, ಟೈಪ್ ಮಾಡುವ ಕೆಲಸವೇ ಇಲ್ಲ ಎಂದು. ಎಲ್ಲರೂ ಚಪ್ಪಾಳೆ ತಟ್ಟಿದಿರಿ. ನಾನೊಬ್ಬಳೇ "ಬೇಡ" ಅಂದೆ. ಯಾಕೆ ಬೇಡ ಎಂದು ಆವತ್ತು ಹೇಳಲು ಸಮಯವಿರಲಿಲ್ಲ. ಇವತ್ತು ಹೇಳಿ ಅಂತ ಹದಿನೈದು ನಿಮಿಷ ಕೊಟ್ಟಿದ್ದೀರಿ, ವಂದನೆಗಳು.

ನನ್ನ ಕಾರಣ ಅಡುಗೆಯದ್ದಲ್ಲ, ನಮ್ಮಮ್ಮನ ಮಾತ್ರೆಗಳದ್ದು.

2025ರ ಏಪ್ರಿಲ್ ಮೊದಲ ವಾರದಲ್ಲಿ ಅಮ್ಮ ಆಸ್ಪತ್ರೆಯಿಂದ ಬಿಡುಗಡೆಯಾಗಿ ಗಚ್ಚಿಬೌಲಿಯ ನಮ್ಮ ಮನೆಗೆ ಬಂದರು. ನಾವು ಮೂವರು ಮಕ್ಕಳು. ಅಕ್ಕ ಮೈಸೂರಿನಲ್ಲಿ, ನಾನು ಇಲ್ಲಿ, ತಮ್ಮ ಅಮೆರಿಕದ ನ್ಯೂಜೆರ್ಸಿಯಲ್ಲಿ. ಮೂವರೂ ಸೇರಿ "ಅಮ್ಮನ ಔಷಧಿ" ಅಂತ ಒಂದು ಗುಂಪು ಮಾಡಿಕೊಂಡೆವು. ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡುವುದು ಅಕ್ಕ, ಕೈಯಲ್ಲಿ ಮಾತ್ರೆ ಕೊಡುವುದು ನಾನು, ಎಲ್ಲದರ ಲೆಕ್ಕ ಇಡುವುದು ತಮ್ಮ. ಮೂರು ಊರಿನಲ್ಲಿದ್ದರೂ ಒಂದೇ ಜಗುಲಿಯಲ್ಲಿ ಕುಳಿತ ಹಾಗಿತ್ತು.

ಏಪ್ರಿಲ್ 7ರ ಸೋಮವಾರದಿಂದ ಮೂರು ದಿನ ನಾನು ಆಫೀಸಿನ ಕೆಲಸಕ್ಕೆ ಬೆಂಗಳೂರಿಗೆ ಹೋಗಲೇಬೇಕಾಯಿತು. ಯಜಮಾನರು ಆ ವಾರ ಪುಣೆಯಲ್ಲಿದ್ದರು. ಮನೆಯಲ್ಲಿ ಅಮ್ಮ, ಹತ್ತನೇ ತರಗತಿಗೆ ಕಾಲಿಟ್ಟ ಮಗ, ಜೊತೆಗೆ ಅಮ್ಮನನ್ನು ನೋಡಿಕೊಳ್ಳುವ ಸಹಾಯಕಿ. ಆಕೆಯ ಮಾತು ತೆಲುಗು, ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಫೋನು ನೋಡಿ ಮಾತ್ರೆ ಕೊಡು ಎನ್ನುವ ಹಾಗಿರಲಿಲ್ಲ, ಒಂದು ಕಾಗದ ಬೇಕಿತ್ತು.

ತಮ್ಮ ಹೇಳಿದ, "ಪುಟ್ಟಕ್ಕ, ಎಲ್ಲಾ ಗುಂಪಿನಲ್ಲೇ ಇದೆಯಲ್ಲ, ನಾನು ಎಕ್ಸ್‌ಪೋರ್ಟ್ ಮಾಡಿ ಪಿಡಿಎಫ್ ಕಳಿಸ್ತೀನಿ, ಪ್ರಿಂಟ್ ತಗೊಂಡು ಫ್ರಿಜ್ ಮೇಲೆ ಅಂಟಿಸು. ಹೊಸದಾಗಿ ಬರೆಯೋಕೆ ಹೋದ್ರೆ ಏನಾದ್ರೂ ತಪ್ಪಾಗುತ್ತೆ." ನನಗೂ ಅದೇ ಸರಿ ಎನಿಸಿತು. ಭಾನುವಾರ ರಾತ್ರಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಅಂಟಿಸಿ, ಮಗನಿಗೆ "ಇದನ್ನು ಆಂಟಿಗೆ ಓದಿ ಹೇಳು" ಎಂದು ಹೇಳಿ ಬೆಳಗಿನ ವಿಮಾನ ಹತ್ತಿದೆ. ನಾನು ಆ ಕಾಗದವನ್ನು ಓದಲಿಲ್ಲ. ಓದುವುದೇನಿದೆ, ಬರೆದವರು ನಾವೇ ಅಲ್ಲವೇ ಎಂದುಕೊಂಡೆ.

ಆ ಕಾಗದದಲ್ಲಿದ್ದ ಮುಖ್ಯ ಸಾಲುಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಪುಟ್ಟಕ್ಕ ಅಂದರೆ ನಾನು, ದೊಡ್ಡಕ್ಕ ಅಂದರೆ ಮೈಸೂರಿನ ಅಕ್ಕ. ತಮ್ಮನ ಫೋನಿನಿಂದ ಇಳಿಸಿದ್ದರಿಂದ ಅವನು ಉಳಿಸಿಕೊಂಡ ಹೆಸರುಗಳೇ ಬಂದಿವೆ. "ಹಾಸನದ ಹುಡುಗ" ಎಂಬುದು ಅವನೇ ಇಟ್ಟುಕೊಂಡ ಹೆಸರು.

```
4/3/25, 11:52 AM - ಪುಟ್ಟಕ್ಕ: *ಬೆಳಿಗ್ಗೆ* ಥೈರಾಯ್ಡ್ 1, ಬಿಪಿ 1. *ರಾತ್ರಿ* ~ಬಿಪಿ 1~ ಶುಗರ್ 1
4/3/25, 11:55 AM - ದೊಡ್ಡಕ್ಕ: <Media omitted>
4/3/25, 10:31 PM - ಪುಟ್ಟಕ್ಕ: ಈಗಷ್ಟೇ ಬಿಪಿ ಮಾತ್ರೆ ಕೊಟ್ಟೆ. ತಲೆ ಸುತ್ತುತ್ತೆ ಅಂತಾರೆ. ಡಾಕ್ಟರನ್ನ ಕೇಳ್ತೀಯಾ?
4/3/25, 10:40 PM - ಹಾಸನದ ಹುಡುಗ: ಥೈರಾಯ್ಡ್ ಮಾತ್ರೆ ಎಷ್ಟು ತರಿಸಲಿ?
4/4/25, 1:15 AM - ದೊಡ್ಡಕ್ಕ: ಕೇಳಿದೆ. ಅರ್ಧ ಸಾಕಂತೆ
```

ಈಗ ನೀವೇ ನನ್ನ ಮಗನ ಜಾಗದಲ್ಲಿ ನಿಂತು ಓದಿ. ಯಾವ ಮಾತ್ರೆ ಅರ್ಧ?

ಕೊನೆಯ ಸಾಲು ಥೈರಾಯ್ಡ್ ಸಾಲಿನ ಕೆಳಗಿದೆ. ಹಾಗಾಗಿ ಅವನು ಥೈರಾಯ್ಡ್ ಮಾತ್ರೆ ಅರ್ಧ ಎಂದ. ತಪ್ಪೇನಿಲ್ಲ, ಯಾರಾದರೂ ಹಾಗೇ ಓದುತ್ತಾರೆ. ಆದರೆ ಅಕ್ಕ ಫೋನಿನಲ್ಲಿ ಆ ಉತ್ತರ ಬರೆದಾಗ ನನ್ನ ಬಿಪಿ ಮಾತ್ರೆಯ ಸಂದೇಶವನ್ನು ಬಲಕ್ಕೆ ಎಳೆದು, ಅದಕ್ಕೇ ಅಂಟಿಸಿ ಬರೆದಿದ್ದಳು. ಪರದೆಯ ಮೇಲೆ ಅವಳ ಉತ್ತರದ ತಲೆಯ ಮೇಲೆ ನನ್ನ ಪ್ರಶ್ನೆ ಚಿಕ್ಕ ಚೌಕದಲ್ಲಿ ಕಾಣುತ್ತಿತ್ತು. ಅದರ ಕೆಳಗೆ ನಾನು ಹೆಬ್ಬೆರಳ ಗುರುತನ್ನೂ ಒತ್ತಿದ್ದೆ. ಅರ್ಧ ಆಗಬೇಕಿದ್ದುದು ಬಿಪಿ ಮಾತ್ರೆ ಎಂಬುದರಲ್ಲಿ ನಮ್ಮ ಮೂವರಿಗೂ ಅನುಮಾನವೇ ಇರಲಿಲ್ಲ.

ಚಾಟನ್ನು ಪಠ್ಯವಾಗಿ ಇಳಿಸಿದಾಗ ಪ್ರತಿ ಸಂದೇಶದಿಂದ ಉಳಿಯುವುದು ಮೂರೇ: ಸಮಯ, ಹೆಸರು, ಬರೆದ ಮಾತು. ಯಾವ ಸಂದೇಶಕ್ಕೆ ಯಾವುದು ಉತ್ತರ ಎಂಬ ಕೊಂಡಿಯನ್ನು ಆ್ಯಪ್ ತನ್ನೊಳಗೆ ಬೇರೆಯಾಗಿ ಇಟ್ಟುಕೊಂಡಿರುತ್ತದೆ, ಹೆಬ್ಬೆರಳು ಹೃದಯಗಳ ಗುರುತನ್ನೂ ಹಾಗೆಯೇ. ಪರದೆಯ ಮೇಲೆ ಅವನ್ನೆಲ್ಲ ಸೇರಿಸಿ ತೋರಿಸುತ್ತದೆ, ಇಳಿಸಿದ ಕಡತಕ್ಕೆ ಅವು ಬರುವುದಿಲ್ಲ. ಮಾಲೆಯಿಂದ ದಾರ ಎಳೆದು ಹೂವಷ್ಟನ್ನೇ ಬುಟ್ಟಿಗೆ ಸುರಿದ ಹಾಗೆ.

ನಮ್ಮ ಕನ್ನಡದ ಸೊಗಸೂ ಇಲ್ಲಿ ನಮಗೆ ಎದುರಾಯಿತು. "ಅರ್ಧ ಸಾಕಂತೆ" ಎಂಬ ಎರಡು ಪದದಲ್ಲಿ ಯಾವುದು ಎಂಬುದೂ ಇಲ್ಲ, ಯಾರು ಹೇಳಿದರು ಎಂಬುದೂ ಇಲ್ಲ. "ಅಂತೆ" ಎನ್ನುವುದು ಬೇರೊಬ್ಬರು ಹೇಳಿದ್ದು ಎಂದು ಮಾತ್ರ ತಿಳಿಸುತ್ತದೆ. ಎದುರಿಗೆ ಕುಳಿತು ಮಾತಾಡುವಾಗ ಕರ್ತೃ ಕರ್ಮ ಎರಡನ್ನೂ ಬಿಟ್ಟು ಮಾತಾಡುವುದು ನಮಗೆ ರೂಢಿ. "ಬೇಡ", "ಆಯ್ತು", "ನಿಲ್ಲಿಸಿಬಿಡು", "ಅದಲ್ಲ, ಇನ್ನೊಂದು". ಇವೆಲ್ಲ ಪಕ್ಕದ ಗೋಡೆಗೆ ಒರಗಿ ನಿಂತ ಮಾತುಗಳು. ಗೋಡೆ ತೆಗೆದರೆ ಹತ್ತಿರ ಇನ್ನಾವುದು ಸಿಕ್ಕರೂ ಅದಕ್ಕೆ ಒರಗಿಕೊಳ್ಳುತ್ತವೆ. ನಮ್ಮ ಕಾಗದದಲ್ಲಿ ಸಿಕ್ಕಿದ್ದು ಥೈರಾಯ್ಡ್.

ಇದು ಮೊದಲನೆಯದು. ಎರಡನೆಯದು ಇನ್ನೂ ಚಿಕ್ಕ ಗುರುತು, ಮೊದಲ ಸಾಲಿನಲ್ಲಿದೆ. ರಾತ್ರಿಯ ಬಿಪಿ ಮಾತ್ರೆಯ ಎರಡು ಕಡೆ ಹಾವಿನಂಥ ಗೆರೆ ಇದೆ ನೋಡಿ. ಬಿಡುಗಡೆಯ ಹೊತ್ತಿಗೆ ಡಾಕ್ಟರು ರಾತ್ರಿಯ ಬಿಪಿ ಮಾತ್ರೆ ನಿಲ್ಲಿಸಿದ್ದರು. ಮೊದಲಿತ್ತು, ಈಗಿಲ್ಲ ಎಂದು ಅಕ್ಕ ತಮ್ಮನಿಗೆ ಗೊತ್ತಾಗಲಿ ಅಂತ ನಾನು ಅದನ್ನು ಅಳಿಸದೆ, ಹೊಡೆದು ಹಾಕಿ ತೋರಿಸಿದ್ದೆ. ವಾಟ್ಸ್ಆ್ಯಪ್‌ನಲ್ಲಿ ಮಾತಿನ ಹಿಂದೆ ಮುಂದೆ ~ ಹಾಕಿದರೆ ಮೇಲೆ ಅಡ್ಡಗೆರೆ ಎಳೆದಂತೆ ಕಾಣುತ್ತದೆ, * ಹಾಕಿದರೆ ದಪ್ಪಕ್ಷರವಾಗುತ್ತದೆ. ಆದರೆ ಆ ಗೆರೆ ಆ್ಯಪ್ ನಮ್ಮ ಕಣ್ಣಿಗಾಗಿ ಎಳೆಯುವುದು. ಬರಹದಲ್ಲಿ ನಿಜವಾಗಿ ಇರುವುದು ಆ ಗುರುತು ಮಾತ್ರ. ಇಳಿಸಿದ ಕಡತದಲ್ಲಿ ಗೆರೆ ಹೋಯಿತು, ಗುರುತು ಉಳಿಯಿತು, ಹೊಡೆದು ಹಾಕಿದ ಮಾತ್ರೆ ಮತ್ತೆ ಎದ್ದು ಕುಳಿತಿತು.

ಮಗ ತಿಳಿದಂತೆ ~ ಎಂದರೆ "ಸುಮಾರು". ಅವನು ರಾತ್ರಿ ಬಿಪಿ ಸುಮಾರು ಒಂದು ಎಂದು ಓದಿದ. ಮಾತ್ರೆಯಲ್ಲಿ ಸುಮಾರು ಎಂದರೇನು ಎಂದು ಅವನಿಗೂ ಅನುಮಾನ ಬಂತಂತೆ. ಖಚಿತ ಮಾಡಿಕೊಳ್ಳಲು ಕೆಳಗೆ ಹುಡುಕಿದ. ಅಲ್ಲಿ ನಾನೇ ಬರೆದಿದ್ದೇನೆ: "ಈಗಷ್ಟೇ ಬಿಪಿ ಮಾತ್ರೆ ಕೊಟ್ಟೆ." ಪಕ್ಕದಲ್ಲಿ ಸಮಯ ರಾತ್ರಿ 10:31. ಅಮ್ಮನೇ ರಾತ್ರಿ ಬಿಪಿ ಮಾತ್ರೆ ಕೊಟ್ಟಿದ್ದಾಳೆ, ಇನ್ನೇನು ಅನುಮಾನ ಎಂದು ತೀರ್ಮಾನಿಸಿದ.

ಇದು ಮೂರನೆಯದು. ನಾನು ಅದನ್ನು ಬರೆದದ್ದು ಏಪ್ರಿಲ್ 4ರ ಬೆಳಿಗ್ಗೆ 8:01ಕ್ಕೆ, ತಿಂಡಿ ಕೊಟ್ಟು. ಆದರೆ ಕಡತ ಇಳಿಸಿದ್ದು ತಮ್ಮನ ಫೋನು. ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಯಾರು ಇಳಿಸುತ್ತಾರೋ ಅವರ ಫೋನಿನ ಗಡಿಯಾರದಂತೆ ಎಲ್ಲ ಸಂದೇಶಗಳಿಗೂ ಸಮಯ ಬೀಳುತ್ತದೆ. ನನ್ನ ಬೆಳಗು ಅವನ ಕಡತದಲ್ಲಿ ಹಿಂದಿನ ರಾತ್ರಿಯಾಯಿತು. "ಈಗಷ್ಟೇ" ಎಂಬ ಮಾತು ಫೋನಿನಲ್ಲಿದ್ದಾಗ ಸತ್ಯ, ಕಾಗದಕ್ಕೆ ಬಂದಾಗ ಸುಳ್ಳು. ದಿನಾಂಕವೂ ಅಷ್ಟೇ. 4/3/25 ಎಂದರೆ ಅಮೆರಿಕದ ರೀತಿಯಲ್ಲಿ ಏಪ್ರಿಲ್ 3, ನಮ್ಮ ರೀತಿಯಲ್ಲಿ ಮಾರ್ಚ್ 4. ಮಗ ಅದನ್ನು ಮಾರ್ಚ್ ಎಂದೇ ಓದಿ, ಇದು ಒಂದು ತಿಂಗಳಿಂದ ನಡೆದು ಬಂದ ಔಷಧಿ ಎಂದುಕೊಂಡ. ಹಾಗಾಗಿ ನನಗೆ ಫೋನ್ ಮಾಡಿ ಕೇಳಲೂ ಇಲ್ಲ.

ಇಷ್ಟಕ್ಕೂ ಒಂದು ಕಾಪು ಇತ್ತು. ಅಕ್ಕ ಡಾಕ್ಟರ ಚೀಟಿಯ ಫೋಟೋ ಹಾಕಿದ್ದಳು. ಅದು ಎರಡನೇ ಸಾಲು, <Media omitted>. ಚಿತ್ರ ಬಿಟ್ಟು ಇಳಿಸಿದ್ದರಿಂದ ಇದ್ದ ಒಂದೇ ಅಧಿಕೃತ ಕಾಗದದ ಜಾಗದಲ್ಲಿ ಎರಡು ಇಂಗ್ಲಿಷ್ ಪದ ಉಳಿದಿದ್ದವು.

ಬುಧವಾರ ಸಂಜೆ ಅಮ್ಮ ಬಚ್ಚಲುಮನೆಯ ಬಾಗಿಲಲ್ಲಿ ಕಣ್ಣು ಕತ್ತಲೆ ಬಂದು ಕುಸಿದು ಕುಳಿತರು. ಸಹಾಯಕಿ ಹಿಂದೆಯೇ ಇದ್ದು ಹಿಡಿದುಕೊಂಡಳು, ದೇವರ ದಯೆ, ಮೂಳೆ ಮುರಿಯಲಿಲ್ಲ. ಸುಸ್ತು ಇರಬೇಕು ಎಂದು ಮಲಗಿಸಿ, ರಾತ್ರಿ ಊಟ ಮಾಡಿಸಿ, ಕಾಗದದಲ್ಲಿದ್ದಂತೆ ಮಾತ್ರೆಯನ್ನೂ ಕೊಟ್ಟಿದ್ದರು. ನಾನು ಹತ್ತು ಗಂಟೆಗೆ ಮನೆಗೆ ಬಂದು ಬಿಪಿ ನೋಡಿದೆ, 94/58. ಏನು ಕೊಟ್ಟಿರಿ ಎಂದರೆ ಇಬ್ಬರೂ "ಬರೆದ ಹಾಗೇ ಕೊಟ್ಟಿದ್ದೇವೆ" ಅಂದರು. ಆಗ ನನಗೆ ಹೊಳೆದದ್ದು ಮಾತ್ರೆ ಎಣಿಸುವುದು. ಹೊರಡುವ ಮುಂಚೆ ಹೊಸ ಬಿಪಿ ಸ್ಟ್ರಿಪ್ ತೆಗೆದಿಟ್ಟಿದ್ದೆ, ಹತ್ತು ಮಾತ್ರೆಯದು. ದಿನಕ್ಕೆ ಅರ್ಧದಂತೆ ಮೂರು ದಿನಕ್ಕೆ ಒಂದೂವರೆ ಹೋಗಬೇಕು, ಎಂಟೂವರೆ ಇರಬೇಕು. ಇದ್ದದ್ದು ನಾಲ್ಕು. ಆರು ಮಾತ್ರೆ ಅಮ್ಮನ ಹೊಟ್ಟೆಯಲ್ಲಿ, ಹೇಳಿದ್ದರ ನಾಲ್ಕರಷ್ಟು. ಥೈರಾಯ್ಡ್ ಮೂರು ಹೋಗಬೇಕಾದಲ್ಲಿ ಒಂದೂವರೆ ಹೋಗಿತ್ತು.

ಆ ರಾತ್ರಿಯೇ ಡಾಕ್ಟರಿಗೆ ಫೋನ್ ಮಾಡಿದೆವು, ಬೆಳಿಗ್ಗೆ ಕರೆದುಕೊಂಡು ಹೋದೆವು. ಎರಡು ದಿನ ಬಿಪಿ ಮಾತ್ರೆ ನಿಲ್ಲಿಸಿ, ಮತ್ತೆ ಅರ್ಧದಿಂದ ಶುರು ಮಾಡಿ ಅಂದರು. ಥೈರಾಯ್ಡ್ ಮಾತ್ರೆ ನಿಧಾನವಾಗಿ ಕೆಲಸ ಮಾಡುವಂಥದ್ದು, ಮೂರು ದಿನದ ಕೊರತೆಗೆ ಹೆದರಬೇಡಿ ಎಂದರು. ಅಮ್ಮ ಈಗ ಚೆನ್ನಾಗಿದ್ದಾರೆ. ಇವತ್ತೂ ಬರುತ್ತೇನೆ ಅಂದಿದ್ದರು, ಬಿಸಿಲಿಗೆ ಬೇಡ ಎಂದು ಬಿಟ್ಟು ಬಂದೆ.

ಮಗ ಎರಡು ದಿನ ಅಜ್ಜಿಯ ಮುಖ ನೋಡಲಿಲ್ಲ. ಅವನನ್ನು ಕೂರಿಸಿಕೊಂಡು ಫೋನು, ಕಾಗದ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. "ನೀನು ಓದಿದ್ದರಲ್ಲಿ ತಪ್ಪಿಲ್ಲ ಕಂದಾ, ನಾವು ನಿನಗೆ ಕೊಟ್ಟ ಕಾಗದದಲ್ಲಿ ತಪ್ಪಿತ್ತು" ಅಂದೆ. ಅಚ್ಚರಿ ಏನೆಂದರೆ ಆ ಕಾಗದದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ನಾವು ಬರೆದದ್ದೇ ಅಲ್ಲಿತ್ತು, ಬರೆದದ್ದರ ಅರ್ಥ ಇರಲಿಲ್ಲ.

ಕನ್ನಡ ಕಡತಗಳಲ್ಲಿ ಇನ್ನೊಂದು ರೀತಿಯ ಒಡಕು ನಿಮಗೆಲ್ಲ ಗೊತ್ತು. ಹಳೆಯ ಕಂಪ್ಯೂಟರಿನಲ್ಲಿ ತೆರೆದರೆ "ಅ" ಇರಬೇಕಾದಲ್ಲಿ `à²…` ಎಂದು ಏನೇನೋ ಕಾಣುತ್ತದೆ. ಅದು ಕಡತವನ್ನು ಯುನಿಕೋಡಿನ ಯುಟಿಎಫ್-8 ಎಂದು ಗುರುತಿಸದೆ ತೆರೆದಾಗ ಆಗುವುದು. ನಾವು ಅದಕ್ಕೆ ಗಾಬರಿಯಾಗುತ್ತೇವೆ. ಆದರೆ ಅದರಿಂದ ಯಾರಿಗೂ ಕೆಡುಕಿಲ್ಲ, ಯಾಕೆಂದರೆ ಓದಲು ಆಗುವುದಿಲ್ಲ ಎಂದು ಕಣ್ಣಿಗೇ ಕಾಣುತ್ತದೆ, ಇನ್ನೊಮ್ಮೆ ಸರಿಯಾಗಿ ತೆರೆಯುತ್ತೇವೆ. ಹೆದರಬೇಕಾದದ್ದು ಚೆನ್ನಾಗಿ ಓದಿಸಿಕೊಂಡು ಹೋಗುವ ಕಾಗದಕ್ಕೆ.

ಈಗ ನಾನು ಏನು ಮಾಡುತ್ತೇನೆ ಎಂದು ಹೇಳಿ ಮುಗಿಸುತ್ತೇನೆ.

ಚಾಟನ್ನು ಕಾಗದಕ್ಕೆ ಇಳಿಸುವುದಿಲ್ಲ. ಚಾಟನ್ನು ಓದಿಕೊಂಡು ಕಾಗದವನ್ನು ಬೇರೆಯಾಗಿ ಬರೆಯುತ್ತೇನೆ. ಬರೆದ ಮೇಲೆ ಒಂದು ಪರೀಕ್ಷೆ. ಒಂದು ಸಾಲು ಬಿಟ್ಟು ಮಿಕ್ಕ ಎಲ್ಲವನ್ನೂ ಕೈಯಿಂದ ಮುಚ್ಚಿಕೊಂಡು ಆ ಸಾಲನ್ನು ಓದುವುದು. ಯಾವುದು, ಎಷ್ಟು, ಯಾವಾಗ ಎಂಬ ಮೂರೂ ಆ ಒಂದೇ ಸಾಲಿನಲ್ಲಿ ಸಿಗಬೇಕು. ಸಿಗದಿದ್ದರೆ ಆ ಸಾಲು ಇನ್ನೂ ಗೋಡೆಗೆ ಒರಗಿದೆ ಎಂದರ್ಥ. ಏಪ್ರಿಲ್ 12ರಂದು ಹೊಸದಾಗಿ ಅಂಟಿಸಿದ ಕಾಗದ ಹೀಗಿತ್ತು:

ಅಮ್ಮನ ಮಾತ್ರೆಗಳು. ಬರೆದದ್ದು 2025 ಏಪ್ರಿಲ್ 12, ಶನಿವಾರ. ಹಳೆಯ ಕಾಗದ ಎಸೆಯಿರಿ.
ಬೆಳಿಗ್ಗೆ 6 ಗಂಟೆ, ಖಾಲಿ ಹೊಟ್ಟೆಯಲ್ಲಿ: ಥೈರಾಯ್ಡ್ ಮಾತ್ರೆ ಪೂರ್ತಿ ಒಂದು.
ಬೆಳಿಗ್ಗೆ 8 ಗಂಟೆ, ತಿಂಡಿ ಆದ ಮೇಲೆ: ಬಿಪಿ ಮಾತ್ರೆ ಅರ್ಧ.
ರಾತ್ರಿ 8 ಗಂಟೆ, ಊಟ ಆದ ಮೇಲೆ: ಶುಗರ್ ಮಾತ್ರೆ ಪೂರ್ತಿ ಒಂದು.
ರಾತ್ರಿ ಬಿಪಿ ಮಾತ್ರೆ ಕೊಡಬಾರದು.

ಪ್ರತಿ ಸಾಲಿನ ಪಕ್ಕದಲ್ಲಿ ಸ್ಟ್ರಿಪ್ ಮೇಲೆ ಅಚ್ಚಾಗಿರುವ ಹೆಸರನ್ನೂ ಬರೆದೆ, ಕೆಳಗೆ ಅದನ್ನೇ ತೆಲುಗಿನಲ್ಲಿ ಬರೆಸಿದೆ. ಕೊನೆಯ ಸಾಲನ್ನು ನೋಡಿ. ನಿಲ್ಲಿಸಿದ್ದನ್ನು ಅಡ್ಡಗೆರೆಯಿಂದ ತೋರಿಸಿಲ್ಲ, ಮಾತಿನಲ್ಲಿ ಹೇಳಿದೆ. ಬಣ್ಣವನ್ನೂ ನಂಬಲಿಲ್ಲ. ತಮ್ಮ ಒಮ್ಮೆ ಬೆಳಗಿನದಕ್ಕೆ ಕೆಂಪು ಚುಕ್ಕೆ, ರಾತ್ರಿಯದಕ್ಕೆ ಹಸಿರು ಚುಕ್ಕೆ ಹಾಕಿ ಕಳಿಸಿದ್ದ. ಜೆರಾಕ್ಸ್ ಅಂಗಡಿಯ ಕಪ್ಪುಬಿಳುಪು ಪ್ರಿಂಟಿನಲ್ಲಿ ಎರಡೂ ಬೂದು.

ಹಾಗೆಂದು ಮೂಲ ಚಾಟನ್ನು ಎಸೆಯಬೇಡಿ. ಯಾರು ಯಾವಾಗ ಏನು ಹೇಳಿದರು ಎಂಬುದಕ್ಕೆ ಅದೇ ಆಧಾರ. ಇಡುವುದಾದರೆ ಚಿತ್ರಗಳ ಸಮೇತ ಇಳಿಸಿಡಿ. ಮುಖ್ಯವಾದ ಪ್ರಶ್ನೆ ಉತ್ತರಗಳಿಗೆ ಸ್ಕ್ರೀನ್‌ಶಾಟ್ ತೆಗೆದಿಡಿ, ಅದರಲ್ಲಿ ಯಾವುದಕ್ಕೆ ಯಾವ ಉತ್ತರ ಎಂಬ ಚೌಕ ಉಳಿಯುತ್ತದೆ. ಸಂದೇಶದ ಪಕ್ಕ ಗಂಟೆ ಮಾತ್ರ ಇರುತ್ತದೆ, ದಿನಾಂಕ ಇರುವುದಿಲ್ಲ, ಆದ್ದರಿಂದ ಮೇಲಿನ ದಿನಾಂಕದ ಪಟ್ಟಿಯೂ ಬರುವಂತೆ ತೆಗೆಯಿರಿ. ಗುಂಪಿನಲ್ಲಿ ಸಂದೇಶಗಳು ತಾವಾಗಿ ಮಾಯವಾಗುವ ವ್ಯವಸ್ಥೆ ಹಾಕಿದ್ದರೆ 24 ಗಂಟೆ, 7 ದಿನ ಅಥವಾ 90 ದಿನದಲ್ಲಿ ಹೋಗಿಬಿಡುತ್ತವೆ, ಅದನ್ನೂ ನೋಡಿಕೊಳ್ಳಿ. ನ್ಯಾಯಾಲಯಗಳೂ ಫೋನಿನ ಮಾತಿನ ಪ್ರಿಂಟನ್ನು ಸುಮ್ಮನೆ ಕಾಗದವೆಂದು ಒಪ್ಪುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಅಂಥ ಪ್ರತಿಯ ಜೊತೆ ಪ್ರಮಾಣಪತ್ರ ಕೊಡಬೇಕು. ಅದು ಯಾವ ಸಾಧನದಿಂದ, ಹೇಗೆ ಬಂತು ಎಂದು ಸಾಧನದ ಹೊಣೆ ಹೊತ್ತವರೂ ಒಬ್ಬ ತಜ್ಞರೂ ಸಹಿ ಹಾಕಿ ಹೇಳಬೇಕು. ಆದರೆ ಆ ಪ್ರಮಾಣಪತ್ರವೂ ಪ್ರತಿ ಎಲ್ಲಿಂದ ಬಂತು ಎಂದು ಹೇಳುತ್ತದೆಯೇ ಹೊರತು ಅರ್ಧ ಯಾವುದು ಎಂದು ಹೇಳುವುದಿಲ್ಲ. ಅದನ್ನು ಬರೆದವರೇ ಹೇಳಬೇಕು.

ಈಗ ನಮ್ಮ ಸಂಚಿಕೆಗೆ ಬರೋಣ. ನಿನ್ನೆ ಗುಂಪಿನಲ್ಲಿ ಹಿಂದಕ್ಕೆ ಹೋಗಿ ನೋಡಿದೆ. ಮಾವಿನಕಾಯಿ ಉಪ್ಪಿನಕಾಯಿಯ ಮಾತು ನಡೆಯುತ್ತಿದೆ, ನಡುವೆ ಒಬ್ಬರು ಹೋಳಿಗೆ ಹೂರಣದ ಬಗ್ಗೆ ಕೇಳಿದ್ದಾರೆ, ಅದರ ಕೆಳಗೆ ಹಿರಿಯರೊಬ್ಬರ ಉತ್ತರ: "ಇನ್ನೊಂದು ಹಿಡಿ ಹಾಕಿ, ಇಲ್ಲದಿದ್ದರೆ ಕೆಡುತ್ತೆ." ಅವರು ಹೇಳಿದ್ದು ಉಪ್ಪಿನಕಾಯಿಗೆ ಉಪ್ಪು. ಹಾಗೇ ಅಚ್ಚಾದರೆ ಮುಂದಿನ ಯುಗಾದಿಗೆ ಯಾರ ಮನೆಯ ಹೋಳಿಗೆಯಲ್ಲಿ ಏನಿರುತ್ತದೋ!

ಅದಕ್ಕೇ ನನ್ನ ಕೋರಿಕೆ ಇಷ್ಟು. ಪ್ರತಿಯೊಬ್ಬರೂ ತಮ್ಮ ಉತ್ತರಗಳನ್ನು ತಾವೇ ಎತ್ತಿಕೊಂಡು, "ಅದು" "ಇದು" "ಮೇಲೆ ಹೇಳಿದ್ದು" "ನಿನ್ನೆ" ಇರುವಲ್ಲೆಲ್ಲ ಹೆಸರು ಮತ್ತು ದಿನ ಹಾಕಿ, ಪೂರ್ತಿ ವಾಕ್ಯ ಮಾಡಿ ಕಳಿಸಿ. ಧ್ವನಿ ಸಂದೇಶದಲ್ಲಿ ಹೇಳಿದ್ದರೆ ಬರೆದು ಕೊಡಿ, ಬರೆಯಲು ಕಷ್ಟವಾಗುವ ಹಿರಿಯರ ಮನೆಗೆ ನಾನೇ ಬಂದು ಬರೆದುಕೊಳ್ಳುತ್ತೇನೆ. ಒಬ್ಬೊಬ್ಬರಿಗೆ ಅರ್ಧ ಗಂಟೆಯ ಕೆಲಸ.

ಉಪ್ಪಿನಕಾಯಿಯ ಆ ಹಿರಿಯರು ಮುಂದಿನ ಸಾಲಿನಲ್ಲೇ ಕುಳಿತು ನಗುತ್ತಿದ್ದಾರೆ. ಅಮ್ಮಾ, ಮೊದಲು ನಿಮ್ಮ ಮನೆಗೇ ಬರುತ್ತೇನೆ. ಹಿಡಿ ಅಂದರೆ ಎಷ್ಟು ಎಂದು ಅಳೆದು ತೋರಿಸಬೇಕು.